ಎರಡು ಬಾಳೆ ಅಂದರೆ ಎಷ್ಟು?

ಸೈಗಾನಿಗೆ ಬಂದ ಎರಡನೇ ವಾರ. ಕಾಗದದ ಮೇಲೆ ಊರಿನ ಹೆಸರು ಹೋ ಚಿ ಮಿನ್ ಸಿಟಿ, ಜನರ ಬಾಯಲ್ಲಿ ಇವತ್ತಿಗೂ ಸೈಗಾನ್. ಮನೆ ಹಿಂದಿನ ಗಲ್ಲಿಯಲ್ಲಿ ಬೆಳಗ್ಗೆ ಐದಕ್ಕೇ ಮಾರ್ಕೆಟ್ ಶುರುವಾಗುತ್ತದೆ. ತರಕಾರಿ, ಮೀನು, ಹಣ್ಣು ಎಲ್ಲ ನೆಲದ ಮೇಲೆ. ನನಗೆ ಆಗ ಬರುತ್ತಿದ್ದದ್ದು ಒಂದರಿಂದ ಹತ್ತರವರೆಗಿನ ಅಂಕಿ, ಮತ್ತು ಬಾಳೆಗೆ 'ಚುವೋಯ್' ಅನ್ನುತ್ತಾರೆ ಎಂಬ ಜ್ಞಾನ. ಎರಡಕ್ಕೆ 'ಹಾಯ್'. ಸರಿ, ಎರಡನ್ನೂ ಸೇರಿಸಿ ಧೈರ್ಯವಾಗಿ 'ಹಾಯ್ ಚುವೋಯ್' ಅಂದೆ.

ಹಣ್ಣಿನ ಹೆಂಗಸು ನನ್ನ ಮುಖ ನೋಡಿದಳು. ಆಮೇಲೆ ಕೇಳಿದಳು: "ಹಾಯ್ ಟ್ರಾಯ್ ಹಯ್ ಹಾಯ್ ನಾಯ್?"

ನನಗೆ ಕೇಳಿಸಿದ್ದು ಎರಡು ನಾಯಿ ಎಂದು. ಅವಳು ಒಂದು ಕೈಯಲ್ಲಿ ಒಂದೇ ಹಣ್ಣು, ಇನ್ನೊಂದು ಕೈಯಲ್ಲಿ ಪೂರ್ತಿ ಚಿಪ್ಪು ಎತ್ತಿ ತೋರಿಸಿದಾಗ ಅರ್ಥವಾಯಿತು. ಎರಡು ಹಣ್ಣೋ, ಎರಡು ಚಿಪ್ಪೋ? ನಡುವಿನ 'ಹಯ್' ಅಂದರೆ 'ಅಥವಾ'. 'ಟ್ರಾಯ್' ಅಂದರೆ ಬಿಡಿ ಹಣ್ಣು, 'ನಾಯ್' ಅಂದರೆ ಚಿಪ್ಪು. ಪೂರ್ತಿ ಗೊನೆಗೆ 'ಬುವೊಂಗ್' ಅಂತ ಇನ್ನೊಂದು ಪದ ಇದೆ ಎಂದು ಆಮೇಲೆ ಗೊತ್ತಾಯಿತು. ಕೈಸನ್ನೆ ತಪ್ಪಾಗಿ, ಆವತ್ತು ಮನೆಗೆ ಎರಡು ಚಿಪ್ಪು ಬಾಳೆಹಣ್ಣು ಬಂತು. ಒಂಟಿ ಮನುಷ್ಯ, ಮೂವತ್ತು ಹಣ್ಣು. ವಾರವಿಡೀ ಅದೇ ತಿಂಡಿ.

ಮುಂದೆ ಹೋಗುವ ಮೊದಲು ಒಂದು ಮಾತು. ವಿಯೆಟ್ನಾಮಿಯಲ್ಲಿ ಸ್ವರದ ಏರಿಳಿತವೇ ಅರ್ಥ ಬದಲಿಸುತ್ತದೆ. ಕನ್ನಡ ಲಿಪಿಯಲ್ಲಿ ಅದನ್ನು ಹಿಡಿಯಲು ಆಗುವುದಿಲ್ಲ. ನಾನಿಲ್ಲಿ ಬರೆಯುವುದು ಸೈಗಾನಿನ ಉಚ್ಚಾರಣೆ, ಅದೂ ಏರಿಳಿತ ಕಳೆದುಕೊಂಡದ್ದು. ಇದನ್ನೇ ಓದಿಕೊಂಡು ಅಲ್ಲಿನ ಅಂಗಡಿಗೆ ಹೋಗಬೇಡಿ.

ಟ್ರಾಯ್, ನಾಯ್ ತರಹದ ಪದಗಳನ್ನು ವಿಯೆಟ್ನಾಮಿ ವ್ಯಾಕರಣ ಎಣಿಕೆಯ ಜೊತೆ ಕಲಿಸುತ್ತದೆ. ಬಿಡಿಯಾಗಿ ಎತ್ತಿ ಹೇಳುವ ಪದಗಳಿಗೆ 'ಲ್ವಾಯ್ ತು' ಎಂದು ಹೆಸರು. 'ಲ್ವಾಯ್' ಅಂದರೆ ಬಗೆ, 'ತು' ಅಂದರೆ ಪದ. ನಾನು ಬಗೆಪದ ಅನ್ನುತ್ತೇನೆ. ಚಿಪ್ಪು, ಗೊನೆಯಂಥವನ್ನು ಕೆಲವರು ಅಳತೆಯ ಪದ ಎಂದು ಬೇರೆ ಇಡುತ್ತಾರೆ. ಆದರೆ ವಾಕ್ಯದಲ್ಲಿ ಕೂರುವ ಜಾಗ ಒಂದೇ. ಅಂಕಿ ಮೊದಲು, ಬಗೆಪದ ಆಮೇಲೆ, ವಸ್ತುವಿನ ಹೆಸರು ಅದರ ನಂತರ. 'ಹಾಯ್ ಕೊನ್ ಮೆವ್' ಅಂದರೆ ಎರಡು ಬೆಕ್ಕು. 'ಮೆವ್' ಬೆಕ್ಕು, ಅದನ್ನು ನೆನಪಿಡಲು ಕಷ್ಟವೇ ಇಲ್ಲ. ನಡುವೆ ಕೂತ 'ಕೊನ್' ಪ್ರಾಣಿಗಳ ಬಗೆಪದ. ಮೇಜು, ಕುರ್ಚಿಯಂಥ ವಸ್ತುಗಳಿಗೆ 'ಕಾಯ್'.

ಇವನ್ನು ಸುಮ್ನೆ ಅಂಟಿಸಿದ ಚೀಟಿಗಳು ಎಂದುಕೊಂಡಿದ್ದೆ. ಪ್ರತಿ ಪದದ ಬೆನ್ನಿಗೂ ಒಂದು ಚೀಟಿ, ಬಾಯಿಪಾಠ ಮಾಡಿದರಾಯಿತು ಅಂತ. ಅದು ತಪ್ಪು ಎಂದು ಗೊತ್ತಾದದ್ದು ಆ ಬಾಳೆಹಣ್ಣುಗಳನ್ನು ತಿನ್ನುತ್ತಾ ಕೂತಿದ್ದಾಗಲೇ. ಕನ್ನಡದಲ್ಲಿ 'ಎರಡು ಬಾಳೆ ಕೊಡಿ' ಅಂದರೆ ಏನಾಗುತ್ತದೆ? ಅಂಗಡಿಯವನೂ ಅದನ್ನೇ ಕೇಳುತ್ತಾನೆ. ಎಲೆಯಾ, ಹಣ್ಣಾ, ಕಾಯಾ, ದಿಂಡಾ? 'ತೆಂಗು' ತಗೊಳ್ಳಿ. 'ಎರಡು ತೆಂಗು' ಎಂದು ಯಾರೂ ಅಂಗಡಿಯಲ್ಲಿ ಕೇಳುವುದಿಲ್ಲ. ಎರಡು ತೆಂಗಿನಕಾಯಿ, ಎರಡು ತೆಂಗಿನಮರ, ಎರಡು ತೆಂಗಿನಗರಿ. ತೆಂಗು ಅನ್ನುವುದು ಒಂದು ಜಾತಿಯ ಹೆಸರು, ಎಣಿಸಿಕೊಡುವ ವಸ್ತುವಿನದಲ್ಲ. ಎಣಿಸಬೇಕಾದರೆ ಅದರಿಂದ ಕಾಯಿಯನ್ನೋ ಮರವನ್ನೋ ಬಿಡಿಸಿ ತೆಗೆಯಬೇಕು.

ವಿಯೆಟ್ನಾಮಿಯಲ್ಲಿ ಹೆಚ್ಚುಕಡಿಮೆ ಎಲ್ಲ ವಸ್ತು, ಪ್ರಾಣಿಗಳ ಹೆಸರೂ ನಮ್ಮ ತೆಂಗು, ಬಾಳೆ ಇದ್ದಹಾಗೆ. ಅವರ ತೆಂಗಿಗೆ 'ಯುವಾ' ಎನ್ನುತ್ತಾರೆ. 'ಟ್ರಾಯ್ ಯುವಾ' ಕಾಯಿ, 'ಕೆಯ್ ಯುವಾ' ಮರ. ಇಲ್ಲಿಯವರೆಗೆ ನಮಗೂ ಅವರಿಗೂ ವ್ಯತ್ಯಾಸವಿಲ್ಲ. ಆದರೆ ಅವರಿಗೆ 'ಬೆಕ್ಕು' ಕೂಡ ತೆಂಗಿನ ಹಾಗೆಯೇ. ಬರೀ 'ಮೆವ್' ಅಂದರೆ ಬೆಕ್ಕು ಅನ್ನುವ ಜಾತಿ. ಅದರಿಂದ ಒಂದು ಮೈ, ಒಂದು ಜೀವವನ್ನು ಎತ್ತಿ ಕೊಡುವುದು 'ಕೊನ್'. ಕಾವ್ ಸುವಾನ್ ಹಾವ್ ಎಂಬ ಹೆಸರಾಂತ ವಿಯೆಟ್ನಾಮಿ ಭಾಷಾವಿಜ್ಞಾನಿ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಬಗೆಪದ ಸಹಾಯಕ ಪದವೇ ಅಲ್ಲ, ನಿಜವಾಗಿ ಎಣಿಸುವ ನಾಮಪದ ಅದೇ, 'ಮೆವ್' ಅದಕ್ಕೆ ವಿವರಣೆ ಮಾತ್ರ ಎಂದು ಅವರ ವಾದ. ಮೊದಲ ಸಲ ಕೇಳಿದಾಗ ಬುಡಮೇಲು ಅನಿಸಿತು. 'ತೆಂಗಿನ ಕಾಯಿ'ಯಲ್ಲಿ ನಾವು ಎಣಿಸುವುದು ಕಾಯಿಯನ್ನೇ ಅಲ್ವಾ ಎಂದು ಹೊಳೆದಮೇಲೆ ಸರಿ ಅನಿಸಿತು.

ಹಾಗಾಗಿ ಯಾವ ಬಗೆಪದ ಹಾಕಬೇಕು ಎಂದು ತೋಚದಿದ್ದಾಗ 'ಈ ಪದದ ಚೀಟಿ ಯಾವುದು' ಎಂದು ನಾನೀಗ ಕೇಳಿಕೊಳ್ಳುವುದಿಲ್ಲ. 'ಇದರಲ್ಲಿ ನಾನು ಎಣಿಸುತ್ತಿರುವುದು ಏನನ್ನು' ಎಂದು ಕೇಳಿಕೊಳ್ಳುತ್ತೇನೆ. ಒಳ್ಳೆಯ ಉದಾಹರಣೆ 'ಡುವಂಗ್'. ಈ ಪದಕ್ಕೆ ರಸ್ತೆ ಎಂದೂ ಅರ್ಥ, ಸಕ್ಕರೆ ಎಂದೂ ಅರ್ಥ. ಬರೆಯುವುದೂ ಒಂದೇ, ಸ್ವರವೂ ಒಂದೇ. 'ಕೊನ್ ಡುವಂಗ್' ಅಂದರೆ ರಸ್ತೆ. ಅದೇ ಹೆಸರಿನ ಹಿಂದೆ ಚಮಚದ ಪದವೋ ಕಿಲೋದ ಪದವೋ ಬಂದರೆ ಸಕ್ಕರೆ. ಕಾಫಿ ಅಂಗಡಿಯಲ್ಲಿ ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ.

ಈಗ ನೀವು ಕೇಳಬೇಕು, 'ಕೊನ್' ಪ್ರಾಣಿಗಳ ಬಗೆಪದ ಅಂದಿರಲ್ಲ, ರಸ್ತೆಗೆ ಯಾಕೆ ಬಂತು ಎಂದು. ನಾನೂ ಕೇಳಿದೆ. ವಾರಕ್ಕೆ ಎರಡು ದಿನ ಪಾಠ ಹೇಳುತ್ತಿದ್ದ ಟೀಚರಮ್ಮ ನಕ್ಕರು. ಅವರನ್ನು ನಾವು 'ಕೋ' ಎಂದು ಕರೆಯುತ್ತಿದ್ದೆವು. ಸೋದರತ್ತೆಗೆ ಹೇಳುವ ಪದ, ಟೀಚರಿಗೂ ಅದೇ. ಅವರು ಹಲಗೆಯ ಮೇಲೆ ಬರೆಯುತ್ತಾ ಹೋದರು. ರಸ್ತೆಗೆ ಕೊನ್. ನದಿಗೆ ಕೊನ್, 'ಕೊನ್ ಸೋಂಗ್'. ದೋಣಿಗೆ ಕೊನ್. ಕಣ್ಣಿಗೆ 'ಕೊನ್ ಮತ್'. ಚಾಕುವಿಗೆ 'ಕೊನ್ ಯಾವ್'. ಅಲೆಗೆ ಕೊನ್. ದೆವ್ವಕ್ಕೂ ಕೊನ್.

ಕಲಿಯುವವರಿಗೆಲ್ಲ ಸಿಗುವ ವಿವರಣೆ ಒಂದಿದೆ. ಚಲಿಸುವುದಕ್ಕೆ ಕೊನ್, ಕೂತಲ್ಲೇ ಇರುವುದಕ್ಕೆ ಕಾಯ್. ನದಿ ಹರಿಯುತ್ತದೆ, ದೋಣಿ ತೇಲುತ್ತದೆ, ಕಣ್ಣು ಹೊರಳುತ್ತದೆ, ಚಾಕು ಕೈಯಲ್ಲಿ ಆಡುತ್ತದೆ. ರಸ್ತೆ ಸಾಗುತ್ತದೆ. ನಾವೂ 'ಈ ರಸ್ತೆ ಎಲ್ಲಿಗೆ ಹೋಗುತ್ತದೆ' ಅನ್ನುತ್ತೇವಲ್ಲ, ರಸ್ತೆ ಎಲ್ಲಿಗೂ ಹೋಗದಿದ್ದರೂ. ಈ ಸೂತ್ರ ನನಗೆ ಬಹಳ ಇಷ್ಟವಾಯಿತು. ಎರಡು ವಾರ ಅದನ್ನೇ ಹಿಡಿದು ನಡೆದೆ. ಆಮೇಲೆ ಪೋಸ್ಟಾಫೀಸಿಗೆ ಹೋದೆ. ಅಂಚೆಚೀಟಿಗೆ 'ಕೊನ್ ತೆಮ್'! ಲಕೋಟೆಗೆ ಅಂಟಿಕೊಂಡು ಕೂತದ್ದಕ್ಕಿಂತ ಅಲುಗಾಡದ ವಸ್ತು ಇನ್ನೇನಿದೆ? ರಬ್ಬರ್ ಸ್ಟಾಂಪಿಗೂ ಕೊನ್. ಅಂಕಿಗೂ ಕೊನ್. ಇತ್ತ ಬೀದಿ ತುಂಬ ಹಾರಿ ಬರುವ ಬೈಕು, ಸೈಗಾನಿನಲ್ಲಿ ಅದಕ್ಕಿಂತ ಜಾಸ್ತಿ ಚಲಿಸುವುದು ಏನೂ ಇಲ್ಲ, ಅದಕ್ಕೆ ಸಾಮಾನ್ಯವಾಗಿ 'ಚಿಯೆಕ್' ಅಥವಾ 'ಕಾಯ್'. ಹುಡುಗರು ಮಾತ್ರ ತಮ್ಮ ಹೊಸ ಬೈಕನ್ನು ಮುದ್ದಿನಿಂದ ಕೊನ್ ಎಂದು ಕರೆಯುವುದನ್ನು ಕೇಳಿದ್ದೇನೆ.

ಜೀವ ಇರುವುದಕ್ಕೆ ಕೊನ್ ಅನ್ನೋಣವೇ? ಅದೂ ನಿಲ್ಲುವುದಿಲ್ಲ. ಮರಕ್ಕೆ ಜೀವವಿದೆ, ಮರ ಎಂದಿಗೂ ಕೊನ್ ಅಲ್ಲ. ಅದಕ್ಕೆ ಅದರದೇ 'ಕೆಯ್' ಇದೆ. ಹೋಗಲಿ, ಕಾಯ್ ಆದರೂ ನಿರ್ಜೀವಕ್ಕೆ ಮಾತ್ರವೇ? ಹಳೆಯ ಜನಪದ ಪದ್ಯಗಳಲ್ಲಿ ಇರುವೆ, ಕೊಕ್ಕರೆಯಂಥ ಸಣ್ಣ ಜೀವಿಗಳಿಗೆ ಕಾಯ್ ಹಾಕುತ್ತಾರೆ. ಜೇನುಹುಳ, ಇರುವೆ ಎರಡನ್ನೂ ಒಟ್ಟಿಗೆ ಹೇಳುವ ನುಡಿಗಟ್ಟಿನಲ್ಲಿ ಜೇನು ಕೊನ್, ಇರುವೆ ಕಾಯ್.

ಚಲನೆಯ ಸೂತ್ರ ಸುಳ್ಳು ಎಂದು ಇದರರ್ಥವಲ್ಲ. ನೆನಪಿಗೆ ಅದು ಒಳ್ಳೆಯ ಗೂಟ. ನದಿ, ದೋಣಿ, ಕಣ್ಣು, ಚಾಕು ಇವಿಷ್ಟನ್ನು ಅದಕ್ಕೆ ಕಟ್ಟಿಹಾಕಬಹುದು. ಆದರೆ ಗೊತ್ತಿಲ್ಲದ ಹೊಸ ಪದಕ್ಕೆ ಅದನ್ನು ಹಿಡಿದು ಊಹೆ ಮಾಡಿದರೆ ಎಡವುತ್ತೀರಿ. ನಮ್ಮಲ್ಲೂ ಹಾಗೇ ಅಲ್ವಾ? ಮನುಷ್ಯರಿಗೆ ಅವನು, ಅವಳು, ಉಳಿದದ್ದಕ್ಕೆ ಅದು ಎಂದು ಹೇಳಿಕೊಟ್ಟಮೇಲೆ ಮನೆಯ ಮಗುವಿಗೆ 'ಅಳುತ್ತಿದೆ' ಅನ್ನುತ್ತೇವೆ. ಕನ್ನಡ ಕಲಿಯುವವರು ಮಗು ಮನುಷ್ಯ ಅಲ್ಲವೇ ಎಂದು ಕೇಳಿದರೆ ನಮ್ಮ ಬಳಿ ಏನು ಉತ್ತರವಿದೆ?

ಉಳಿದ ವಸ್ತುಗಳ ವಿಷಯದಲ್ಲಿ ಕಷ್ಟ ಕಡಿಮೆ, ಆಕಾರ ನೋಡಿದರೆ ಅರ್ಧ ಕೆಲಸ ಮುಗಿಯುತ್ತದೆ. ಹಣ್ಣು, ಚೆಂಡು, ಹೃದಯ, ಭೂಮಿ ಇಂಥ ಗುಂಡಗಿನವಕ್ಕೆ ದಕ್ಷಿಣದಲ್ಲಿ ಟ್ರಾಯ್, ಹನೋಯ್ ಕಡೆ 'ಕ್ವಾ'. ಉದ್ದಕ್ಕೆ ಕಡ್ಡಿಯಂತೆ ಇರುವುದಕ್ಕೆ ಮರದ್ದೇ ಪದ, 'ಕೆಯ್'. ಪೆನ್ನಿಗೆ ಕೆಯ್, ಸೇತುವೆಗೆ ಕೆಯ್. ಕಿಲೋಮೀಟರಿಗೆ 'ಕೆಯ್ ಸೋ' ಅನ್ನುತ್ತಾರೆ. ದಾರಿಹೋಕರೊಬ್ಬರು 'ಇನ್ನು ಎರಡು ಕೆಯ್' ಎಂದಾಗ ನಾನು ಎರಡು ಮರ ದಾಟಿ ನಿಂತು ಹುಡುಕಿದ್ದೇನೆ. ಅದೇ 'ಒಂದು ಕೆಯ್' ಚಿನ್ನದಂಗಡಿಯಲ್ಲಿ 37.5 ಗ್ರಾಂ ಬಂಗಾರ. ಜೋಡಿಯಲ್ಲಿ ಒಂಟಿಯಾದದ್ದಕ್ಕೆ 'ಚಿಯೆಕ್', ಜೋಡಿಗೆ 'ಡೋಯ್'. ದೇವಸ್ಥಾನದ ಬಾಗಿಲಲ್ಲಿ ಒಂದು ಚಪ್ಪಲಿ ಕಳೆದುಹೋದರೆ ಅದು ಚಿಯೆಕ್.

ಏನೂ ತೋಚದಿದ್ದರೆ ಕಾಯ್ ಹಾಕಿ. ಫೋನು, ಅಂಗಿ, ಮನೆ, ಗಾಡಿ ಎಲ್ಲಕ್ಕೂ ನಡೆಯುತ್ತದೆ. ಪುಸ್ತಕಕ್ಕೆ, ಕಾಗದಕ್ಕೆ ಹಾಕಿದರೆ ಚಿಕ್ಕ ಮಕ್ಕಳ ಮಾತಿನಂತೆ ಕೇಳಿಸುತ್ತದೆ, ಆದರೆ ಅರ್ಥವಾಗುತ್ತದೆ. ನಾಯಿ, ಕೋಳಿಗೆ ಮಾತ್ರ ಹಾಕಬೇಡಿ. ಮನುಷ್ಯರಿಗಂತೂ ಬೇಡವೇ ಬೇಡ.

ಮನುಷ್ಯರ ವಿಷಯಕ್ಕೆ ಬರಬೇಕು. ವಸ್ತುವಿನಲ್ಲಿ ತಪ್ಪಿದರೆ ಜನ ನಗುತ್ತಾರೆ, ಮನುಷ್ಯರಲ್ಲಿ ತಪ್ಪಿದರೆ ನಗುವುದಿಲ್ಲ. ನನ್ನ ತರಗತಿಯಲ್ಲಿದ್ದ ಒಬ್ಬ ಸಹಪಾಠಿಗೆ ಜ್ವರ ಬಂದಿತ್ತು. ಆಸ್ಪತ್ರೆಗೆ ಹೋಗಿ ಬಂದು ಕತೆ ಹೇಳಿದ. ಡಾಕ್ಟರಿಗೆ 'ಬಾಕ್ ಸಿ' ಎನ್ನುತ್ತಾರೆ. ಮನುಷ್ಯರೂ ಜೀವಿಗಳೇ, ಜೀವಿಗೆ ಕೊನ್, ಹಾಗಾಗಿ 'ಒಂದು ಕೊನ್ ಬಾಕ್ ಸಿ' ನೋಡಿದರು ಅಂದ. ನೋಡಿದ್ದು ಲೇಡಿ ಡಾಕ್ಟರು. ಕೋ ಅವರ ಮುಖ ಕೆಂಪಾಯಿತು. ಹೆಂಗಸಿನ ವಿಷಯದಲ್ಲಿ ಕೊನ್ ಹಾಕಿದರೆ, ಮನೆಯ ಚಿಕ್ಕ ಹುಡುಗಿಯ ಬಗ್ಗೆ ಸಲಿಗೆಯಾದೀತು, ಪರರ ಬಗ್ಗೆ ಬೈಗುಳ. ನಮ್ಮಲ್ಲಿ 'ಅದ್ಯಾವಳೋ ಒಬ್ಬಳು ಡಾಕ್ಟರು' ಅಂದ ಹಾಗೆ. ಗಂಡಸಿನ ವಿಷಯದಲ್ಲಿ ಅದೇ ಕೆಲಸ 'ಥಂಗ್' ಮಾಡುತ್ತದೆ. ಸ್ವಂತ ಮಗನಿಗೆ, ಗೆಳೆಯನಿಗೆ ಥಂಗ್ ಪ್ರೀತಿ. ಅಪರಿಚಿತನಿಗೆ ಹೊಡೆದಾಟದ ಆರಂಭ.

ಯಾವ ಬಣ್ಣವೂ ಇಲ್ಲದ ಪದ 'ಙುವೊಯ್'. ಮನುಷ್ಯ ಎಂದೇ ಅರ್ಥ. ಒಂದನೇ ಕ್ಲಾಸಿನಿಂದ ವರ್ಣಮಾಲೆಯಲ್ಲಿ ಹೊತ್ತು ತಂದ ಙ ಅಕ್ಷರ ನನಗೆ ಕೆಲಸಕ್ಕೆ ಬಂದದ್ದು ಇಲ್ಲೇ. ಗೌರವದ ಅತಿಥಿಗೆ 'ವಿ', ಮಕ್ಕಳಿಗೆ 'ಡುವಾ', ದರೋಡೆಕೋರನಿಗೆ ಪತ್ರಿಕೆಗಳಲ್ಲಿ 'ತೇನ್'. ಉಳಿದವರಿಗೆಲ್ಲ ನಂಟಿನ ಪದವೇ ಬಗೆಪದ. ವಯಸ್ಸಾದ ಡಾಕ್ಟರು 'ಓಂಗ್ ಬಾಕ್ ಸಿ', ಓಂಗ್ ಅಂದರೆ ಅಜ್ಜ. ನನಗಿಂತ ಸ್ವಲ್ಪ ದೊಡ್ಡ ಹೆಂಗಸು 'ಚಿ', ಅಕ್ಕ. ಹೂ ಮಾರುವ ಅಜ್ಜಿ, ಹಾಲಿನಣ್ಣ ಎಂದು ಕರೆದು ಬೆಳೆದ ನಮಗೆ ಇದು ಹೊಸದೇನಲ್ಲ.

ನಿಜ ಹೇಳಬೇಕೆಂದರೆ ಕನ್ನಡಿಗರಿಗೆ ಇಲ್ಲಿ ಅರ್ಧ ದಾರಿ ಮೊದಲೇ ಸವೆದಿದೆ. ಎರಡು ನಾಯಿ, ಆದರೆ ಇಬ್ಬರು ಹುಡುಗಿಯರು. ಐದು ಮರ, ಆದರೆ ಐದು ಜನ ಡಾಕ್ಟರು. 'ಎರಡು ಅಕ್ಕ ಬಂದಿದ್ದಾರೆ' ಎಂದು ಯಾರಾದರೂ ಹೊಸದಾಗಿ ಕನ್ನಡ ಕಲಿಯುತ್ತಾ ಹೇಳಿದರೆ ನಮಗೆ ಕಿವಿಯಲ್ಲಿ ಕಲ್ಲು ಸಿಕ್ಕಂತಾಗುತ್ತದೆ. 'ಒಬ್ಬ ಡಾಕ್ಟರು'ಗೂ 'ಒಬ್ಬರು ಡಾಕ್ಟರು'ಗೂ ನಡುವೆ ಇರುವ ಗೌರವದ ಅಂತರ ಯಾವ ಪುಸ್ತಕವೂ ಹೇಳಿಕೊಡದೆ ನಮಗೆ ಗೊತ್ತು. ಆಫೀಸಿನಲ್ಲಿದ್ದ ಬಂಗಾಳಿ ಗೆಳೆಯ ನನಗಿಂತ ಬೇಗ ಕಲಿತ. ಅವರಲ್ಲಿ ವಸ್ತುವಾದರೆ 'ದುಟೋ', ಜನರಾದರೆ 'ದುಜೊನ್', ಅಂಕಿಗೇ ಬಗೆ ಅಂಟಿಕೊಂಡಿರುತ್ತದೆ.

ಕೋ ನಮಗೆ ಕೊಟ್ಟ ಉಪಾಯ ಸರಳ. ಕೆಲಸದ ಹೆಸರುಗಳಿಗೆ ಬಗೆಪದವೇ ಬೇಡ, ಅಂಕಿಯ ಮುಂದೆ ನೇರವಾಗಿ ಇಡಿ. 'ಹಾಯ್ ಬಾಕ್ ಸಿ', ಇಬ್ಬರು ಡಾಕ್ಟರು, ತಪ್ಪಿಲ್ಲ. ಗೌರವ ಬೇಕಾದರೆ ವಿ ಸೇರಿಸಿ. ಥಂಗ್, ಕೊನ್ ಎರಡನ್ನೂ ಕಿವಿಯಲ್ಲಿ ಇಟ್ಟುಕೊಳ್ಳಿ, ಬಾಯಿಗೆ ತರಬೇಡಿ.

ಬಗೆಪದ ಬೇಡವಾದ ಜಾಗ ಇನ್ನೂ ಇವೆ. ದಿನ, ವಾರ, ವರ್ಷಗಳಿಗೆ ಬೇಡ, ಅವೇ ಅಳತೆ. ಹೋಟೆಲಿನಲ್ಲಿ 'ಎರಡು ಕಾಫಿ' ಅಂದರೆ ಲೋಟದ ಪದ ಇಲ್ಲದೆಯೂ ಎರಡು ಲೋಟ ಬರುತ್ತದೆ. ನಾನು ಎಡವಿದ್ದು ಬೇರೆ ಕಡೆ. ಬಗೆಪದ ಚೆನ್ನಾಗಿ ಬಂತು ಅನಿಸಿದಮೇಲೆ ಎಲ್ಲ ಕಡೆ ಸುರಿಯತೊಡಗಿದೆ. ಬೆಕ್ಕು ಕಂಡರೆ ನನಗೆ ಇಷ್ಟ ಎನ್ನಲು 'ಕೊನ್ ಮೆವ್' ಇಷ್ಟ ಅಂದೆ. ಎದುರಿದ್ದವರು ಸುತ್ತ ನೋಡಿದರು, ಯಾವ ಬೆಕ್ಕು ಎಂದು. ಜಾತಿಯನ್ನೇ ಹೇಳುವಾಗ ಬರೀ ಮೆವ್ ಸಾಕು. ಕೊನ್ ಹಾಕಿದ ಕೂಡಲೇ ಅದು ಯಾವುದೋ ಒಂದು ಬೆಕ್ಕಾಗಿ ಎದ್ದು ನಿಲ್ಲುತ್ತದೆ.

ತಪ್ಪು ಮಾಡಿದ್ದು ಗೊತ್ತಾಗುವುದು ಹೇಗೆ? ಯಾರೂ ತಿದ್ದುವುದಿಲ್ಲ. ಮರ್ಯಾದೆಯ ಜನ. ಆದರೆ ಉತ್ತರ ಕೊಡುವಾಗ ನೀವು ಹೇಳಿದ ಅಂಕಿಯನ್ನು ಸರಿಯಾದ ಬಗೆಪದದ ಜೊತೆ ಇನ್ನೊಮ್ಮೆ ಹೇಳುತ್ತಾರೆ. ನೀವು 'ಹಾಯ್ ಕಾಯ್' ಅಂದಿರಿ, ಅವರು 'ಹಾಯ್ ಟ್ರಾಯ್, ಸರಿ' ಅಂದರು. ಆ ಮಾತಿಗೆ ಕಿವಿಗೊಡುವುದೇ ಇಡೀ ಪಾಠ. ನಾನು ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಳ್ಳುತ್ತಿದ್ದೆ. ಹೊಸ ಪದವನ್ನು ಎಂದೂ ಒಂಟಿಯಾಗಿ ಬರೆಯುತ್ತಿರಲಿಲ್ಲ, ಕೊನ್ ಜೊತೆಗೋ ಟ್ರಾಯ್ ಜೊತೆಗೋ ಸೇರಿಸಿಯೇ. ಗೊತ್ತಿಲ್ಲದ್ದನ್ನು ಕೇಳುವ ಪ್ರಶ್ನೆಯಲ್ಲೂ ಬಗೆ ಇರುತ್ತದೆ. 'ಕೊನ್ ಯಿ?' ಅಂದರೆ ಯಾವ ಪ್ರಾಣಿ, 'ಕಾಯ್ ಯಿ?' ಅಂದರೆ ಏನಿದು. ಅವರ ಒಗಟುಗಳು ಹೀಗೇ ಕೊನೆಯಾಗುತ್ತವೆ, ಹಾಗಾಗಿ ಉತ್ತರ ಪ್ರಾಣಿಯೋ ವಸ್ತುವೋ ಎಂಬ ಸುಳಿವು ಪ್ರಶ್ನೆಯಲ್ಲೇ ಸಿಗುತ್ತದೆ.

ಮಾರ್ಕೆಟ್ಟಿನಲ್ಲಿ ನನಗೆ ಅತಿ ಹೆಚ್ಚು ಉಪಯೋಗವಾದದ್ದು ಇನ್ನೊಂದು. ಹೆಸರನ್ನು ಬಿಡಬಹುದು, ಬಗೆಪದವನ್ನು ಬಿಡುವಂತಿಲ್ಲ. ಮೀನಿನ ಮುಂದೆ ನಿಂತು 'ಕೊನ್ ನಯ್' ಅಂದರೆ 'ಈ ಒಂದು' ಎಂದು. ಮೀನಿನ ಹೆಸರು ನನಗೆ ಗೊತ್ತಿರಬೇಕಿಲ್ಲ. ಹಣ್ಣಿಗೆ 'ಟ್ರಾಯ್ ನಯ್', ಪಾತ್ರೆಗೆ 'ಕಾಯ್ ನಯ್'. ಹತ್ತು ಬಗೆಪದ ಕಲಿತರೆ ಹೆಸರೇ ಗೊತ್ತಿಲ್ಲದ ನೂರು ವಸ್ತು ಕೊಳ್ಳಬಹುದು. ಮೆಕಾಂಗ್ ಕಡೆಯಿಂದ ಬರುವ ಎಷ್ಟೋ ಮೀನುಗಳನ್ನು ಹೀಗೆ ತಂದು ಸಾರು ಮಾಡಿದ್ದೇನೆ. ಅವುಗಳ ಹೆಸರು ಇವತ್ತಿಗೂ ಗೊತ್ತಿಲ್ಲ.

ಎಂಟು ತಿಂಗಳಾದ ಮೇಲೆ ಒಂದು ಬೆಳಗ್ಗೆ ಅದೇ ಹಣ್ಣಿನ ಹೆಂಗಸಿನ ಹತ್ತಿರ ಹೋದೆ. 'ಒಂದು ನಾಯ್' ಅಂದೆ, ಸರಿಯಾಗಿ. ಅವಳು ಚಿಪ್ಪನ್ನು ತೂಗಲು ಹಾಕಿ, ಪಕ್ಕದ ತರಕಾರಿಯವಳಿಗೆ ಏನೋ ಹೇಳಿ ನಕ್ಕಳು. ಮೊದಲ ದಿನ ಎರಡು ಚಿಪ್ಪು ಹೊತ್ತುಕೊಂಡು ಹೋದವನು ಇವನೇ ಎಂದಿರಬೇಕು. ನನ್ನ ಕಿವಿ ಹೋದದ್ದು ಹಣ್ಣಿನ ಬಗೆಪದಕ್ಕಲ್ಲ, ನನ್ನದಕ್ಕೆ. ಇಂಡಿಯಾದವನು ಎನ್ನುವ ಮೊದಲು ಅವಳು ಹಾಕಿದ್ದು ಓಂಗ್ ಅಲ್ಲ, ಥಂಗ್ ಅಲ್ಲ. 'ಚು'. ಅಪ್ಪನ ತಮ್ಮ, ಚಿಕ್ಕಪ್ಪ. ಅವಳ ಮಕ್ಕಳ ಲೆಕ್ಕದಲ್ಲಿ ಹೇಳಿದ್ದು. ನನಗೆ ಆಞ್, ಅಂದರೆ ಅಣ್ಣ, ಅನ್ನಬಹುದಿತ್ತು ಎಂದು ಒಂದು ಕ್ಷಣ ಅನಿಸಿತು. ಮನೆಗೆ ಬಂದು ಕನ್ನಡಿಯಲ್ಲಿ ಕಿವಿಯ ಮೇಲಿನ ನರೆಗೂದಲು ನೋಡಿಕೊಂಡೆ. ನೋಟ್‌ಬುಕ್ಕಿನಲ್ಲಿ 'ಚು' ಎಂದು ಬರೆದುಕೊಂಡೆ.